ಶಿಕ್ಷಣ ಸಾಲದ ಬಡ್ಡಿ, ಸೆಕ್ಷನ್ 80ಇ ಮತ್ತು ಆ 8 ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪ್ರತಿ ವರ್ಷ ಜೂನ್, ಜುಲೈನಲ್ಲಿ ಸಂಬಳದಾರರ ರಿಟರ್ನ್ ತುಂಬಿಕೊಡುತ್ತೇನೆ. ಶಿಕ್ಷಣ ಸಾಲ ಇರುವವರು ಬಂದು ಕೂತಾಗ ಮೊದಲು ಕೇಳುವುದು "ಎಷ್ಟು ತೆರಿಗೆ ಉಳಿಯುತ್ತೆ?" ಎಂದು. "ಯಾವ ವರ್ಷದಿಂದ ಎಣಿಸಬೇಕು?" ಎಂದು ಕೇಳುವವರು ತೀರಾ ಕಡಿಮೆ. ಆದರೆ ಜಾಸ್ತಿ ದುಡ್ಡು ಕೈತಪ್ಪುವುದು ಈ ಎರಡನೇ ಪ್ರಶ್ನೆಯಲ್ಲೇ. ಅದಕ್ಕೇ ಇಲ್ಲಿ ವರ್ಷಗಳ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

80ಇ ಅಡಿಯಲ್ಲಿ ಏನು ಸಿಗುತ್ತದೆ?

ಆದಾಯ ತೆರಿಗೆ ಕಾಯ್ದೆಯ ಈ ಸೆಕ್ಷನ್ ಪ್ರಕಾರ, ಒಂದು ಹಣಕಾಸು ವರ್ಷದಲ್ಲಿ ಶಿಕ್ಷಣ ಸಾಲಕ್ಕೆ ನೀವು ಕಟ್ಟಿದ ಬಡ್ಡಿಯಷ್ಟನ್ನು ನಿಮ್ಮ ಒಟ್ಟು ಆದಾಯದಿಂದ ಕಳೆಯಬಹುದು. ಇದಕ್ಕೆ ಮೇಲಿನ ಮಿತಿ ಇಲ್ಲ. 80ಸಿ ಹಾಗೆ ಒಂದೂವರೆ ಲಕ್ಷಕ್ಕೆ ನಿಲ್ಲುವುದಿಲ್ಲ, 5 ಲಕ್ಷ ಬಡ್ಡಿ ಕಟ್ಟಿದ್ದರೆ 5 ಲಕ್ಷವನ್ನೂ ಕಳೆಯಬಹುದು. ಅಸಲಿಗೆ ಮಾತ್ರ ಏನೂ ಇಲ್ಲ. ಮನೆ ಸಾಲದ ಅಸಲಿಗೆ 80ಸಿ ಇದೆಯಲ್ವಾ, ಇದಕ್ಕೂ ಇರಬೇಕು ಎಂದು ಹಲವರು ಅಂದುಕೊಂಡಿರುತ್ತಾರೆ. ಇಲ್ಲ. ಇಎಂಐನ ಬಡ್ಡಿ ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಕಡಿತ ಎಂದರೆ ಅಷ್ಟು ದುಡ್ಡು ವಾಪಸ್ ಬರುತ್ತದೆ ಎಂದಲ್ಲ. 1 ಲಕ್ಷ ಬಡ್ಡಿ ಕಟ್ಟಿದ್ದು, ನಿಮ್ಮ ಆದಾಯ 20% ಸ್ಲ್ಯಾಬ್‌ನಲ್ಲಿದ್ದರೆ, ಸೆಸ್ ಸೇರಿ ಉಳಿಯುವುದು 20,800 ರೂಪಾಯಿ.

ಎಷ್ಟು ವರ್ಷ?

ಬಡ್ಡಿ ಕಟ್ಟಲು ಶುರು ಮಾಡಿದ ವರ್ಷ ಒಂದು, ಅದರ ಬೆನ್ನಿಗೆ ಬರುವ 7 ವರ್ಷ. ಒಟ್ಟು 8. ಅದಕ್ಕೂ ಮೊದಲೇ ಬಡ್ಡಿ ಪೂರ್ತಿ ತೀರಿದರೆ ಅಲ್ಲಿಗೆ ಮುಗಿಯಿತು.

ಸಾಲ ಮಂಜೂರಾದ ವರ್ಷದಿಂದ ಎಣಿಕೆ ಇಲ್ಲ. ಕೋರ್ಸ್ ಮುಗಿದ ವರ್ಷದಿಂದಲೂ ಅಲ್ಲ, ನೀವು ಮೊದಲ ಸಲ 80ಇ ಹಾಕಿದ ವರ್ಷದಿಂದಲೂ ಅಲ್ಲ. ನೀವು ಮೊದಲ ಸಲ ಬಡ್ಡಿ ಕಟ್ಟಿದ ವರ್ಷದಿಂದ. ಒಮ್ಮೆ ಶುರುವಾದ ಎಣಿಕೆ ನಡುವೆ ನಿಲ್ಲುವುದಿಲ್ಲ. ಒಂದು ವರ್ಷ ಕೆಲಸ ಹೋಗಿ ಆದಾಯವೇ ಇರಲಿಲ್ಲ ಅನ್ನಿ, ಆ ವರ್ಷವೂ 8ರಲ್ಲಿ ಒಂದು. ಆ ವರ್ಷದ ಬಡ್ಡಿಯನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಬರುವುದಿಲ್ಲ.

ಒಂದು ಉದಾಹರಣೆ ಕೊಟ್ಟು ಹೇಳಿ.

ಒಬ್ಬ ಹುಡುಗಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್‌ಗೆ 10% ಬಡ್ಡಿಯಲ್ಲಿ 12 ಲಕ್ಷ ಸಾಲ ತೆಗೆದಳು ಎಂದಿಟ್ಟುಕೊಳ್ಳಿ. 2019ರ ಜುಲೈ 1ಕ್ಕೆ 6 ಲಕ್ಷ, 2020ರ ಜುಲೈ 1ಕ್ಕೆ ಇನ್ನು 6 ಲಕ್ಷ ಕಾಲೇಜಿಗೆ ಹೋಯಿತು. ಕೋರ್ಸ್ ಮುಗಿದದ್ದು 2021ರ ಜೂನ್. ಆಮೇಲೆ ಒಂದು ವರ್ಷ ಬಿಡುವು. ಇಷ್ಟೂ ಕಾಲ, ಅಂದರೆ ಮೊರಟೋರಿಯಂನಲ್ಲಿ, ಸರಳ ಬಡ್ಡಿ ಏರುತ್ತಾ ಹೋಗುತ್ತದೆ. ಮೊದಲ 6 ಲಕ್ಷಕ್ಕೆ 3 ವರ್ಷದ ಬಡ್ಡಿ 1,80,000. ಎರಡನೇ 6 ಲಕ್ಷಕ್ಕೆ 2 ವರ್ಷದ್ದು 1,20,000. ಒಟ್ಟು 3 ಲಕ್ಷ.

ಅವಳು ನಡುವೆ ಏನೂ ಕಟ್ಟಲಿಲ್ಲ. ಬ್ಯಾಂಕ್ ಆ 3 ಲಕ್ಷವನ್ನು ಅಸಲಿಗೆ ಸೇರಿಸಿತು, ಸಾಲ 15 ಲಕ್ಷವಾಯಿತು. 10 ವರ್ಷಕ್ಕೆ ಇಎಂಐ ಸುಮಾರು 19,823 ರೂಪಾಯಿ. ಮೊದಲ ಕಂತು 2022ರ ಜುಲೈ ಕೊನೆಗೆ. ಅಲ್ಲಿಗೆ ಅವಳ ಮೊದಲ ವರ್ಷ 2022-23, ಎಂಟನೇ ವರ್ಷ 2029-30.

2022-23ರಲ್ಲಿ 9 ಕಂತು ಮಾತ್ರ ಬರುತ್ತದೆ, ಅದರಲ್ಲಿ ಬಡ್ಡಿ ಸುಮಾರು 1,10,260. ಮರುವರ್ಷ ಪೂರ್ತಿ 12 ಕಂತು, ಬಡ್ಡಿ 1,38,723. ಅಲ್ಲಿಂದ ಮುಂದೆ ಇಳಿಯುತ್ತಾ ಹೋಗಿ ಎಂಟನೇ ವರ್ಷ 57,660ಕ್ಕೆ ಬರುತ್ತದೆ. 8 ವರ್ಷದಲ್ಲಿ ಒಟ್ಟು ಸುಮಾರು 8,21,000 ರೂಪಾಯಿ ಬಡ್ಡಿ 80ಇಗೆ ಸಿಗುತ್ತದೆ. ಸಾಲ ಮಾತ್ರ 2032ರ ಜೂನ್‌ವರೆಗೆ ಇದೆ. 2030ರ ಏಪ್ರಿಲ್‌ನಿಂದ ಕಟ್ಟುವ ಸುಮಾರು 57,700 ರೂಪಾಯಿ ಬಡ್ಡಿಗೆ ಕಡಿತ ಇಲ್ಲ.

ಇದು ದೊಡ್ಡ ನಷ್ಟವೇನಲ್ಲ. ಇಎಂಐನಲ್ಲಿ ಬಡ್ಡಿಯ ಪಾಲು ಮೊದಲ ವರ್ಷಗಳಲ್ಲೇ ಜಾಸ್ತಿ ಇರುವುದರಿಂದ ಕೊನೆಗೆ ಉಳಿಯುವುದು ಸ್ವಲ್ಪ. ದೊಡ್ಡ ನಷ್ಟ ಆಗುವುದು ಎಣಿಕೆ ಬೇಗ ಶುರುವಾದಾಗ.

ಓದುವಾಗಲೇ ತಿಂಗಳಿಗೆ ಸಾವಿರ ರೂಪಾಯಿ ಕಟ್ಟುತ್ತಿದ್ದೆ. ತಪ್ಪಾಯಿತಾ?

ಸಾಲ ನಿಮ್ಮ ಹೆಸರಲ್ಲಿದ್ದು, ಕಟ್ಟಿದ್ದೂ ನೀವೇ ಆದರೆ, ಎಣಿಕೆ ಆ ಸಾವಿರ ರೂಪಾಯಿಂದಲೇ ಶುರುವಾಗಿದೆ. ಆಗ ನಿಮಗೆ ಆದಾಯ ಇತ್ತೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ.

ಮೇಲಿನ ಹುಡುಗಿ 2019-20ರಲ್ಲೇ ಹೀಗೆ ಸಣ್ಣದಾಗಿ ಕಟ್ಟಲು ಶುರು ಮಾಡಿದ್ದರೆ ಅವಳ 8 ವರ್ಷ 2026-27ಕ್ಕೇ ಮುಗಿಯುತ್ತಿತ್ತು. ಮೊದಲ ಮೂರು ವರ್ಷ ಅವಳಿಗೆ ತೆರಿಗೆ ಬೀಳುವ ಆದಾಯವೇ ಇಲ್ಲ, ಕಡಿತ ಇದ್ದರೂ ಉಪಯೋಗವಿಲ್ಲ. ಕೊನೆಗೆ 2027-28ರಿಂದ 2029-30ರವರೆಗಿನ ಸುಮಾರು 2,22,600 ರೂಪಾಯಿ ಬಡ್ಡಿ ಕೈಬಿಡುತ್ತದೆ. 20% ಸ್ಲ್ಯಾಬ್‌ನಲ್ಲಿ ಅದು ಸುಮಾರು 46,300 ರೂಪಾಯಿ ತೆರಿಗೆ.

ಹಾಗಂತ ಓದುವಾಗ ಬಡ್ಡಿ ಕಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ. ಆ 3 ಲಕ್ಷ ಬಡ್ಡಿಯನ್ನು ಪೂರ್ತಿ ಆಗಲೇ ಕಟ್ಟಿದ್ದರೆ ಸಾಲ 12 ಲಕ್ಷಕ್ಕೇ ನಿಲ್ಲುತ್ತಿತ್ತು. 10 ವರ್ಷದಲ್ಲಿ ಸುಮಾರು 1,75,700 ರೂಪಾಯಿ ಬಡ್ಡಿ ಕಡಿಮೆ ಕಟ್ಟುತ್ತಿದ್ದಳು. ಓದುವ ಕಾಲದಲ್ಲಿ ಬಡ್ಡಿ ಕಟ್ಟಿದರೆ ದರದಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ಬ್ಯಾಂಕ್‌ಗಳೂ ಇವೆ. ಅಷ್ಟು ಉಳಿತಾಯದ ಮುಂದೆ ತೆರಿಗೆಯ ನಷ್ಟ ಚಿಕ್ಕದು. ಕಟ್ಟುವುದಾದರೆ ಪೂರ್ತಿ ಬಡ್ಡಿ ಕಟ್ಟಿ, ಇಲ್ಲವಾದರೆ ಕಾಯಿರಿ ಎಂಬುದು ನನ್ನ ಅಭಿಪ್ರಾಯ. ಅಷ್ಟಿಷ್ಟು ಕಟ್ಟಿದರೆ ಸಾಲವೂ ಹೆಚ್ಚು ಇಳಿಯುವುದಿಲ್ಲ, ಎಣಿಕೆಯೂ ಶುರುವಾಗಿಬಿಡುತ್ತದೆ.

ಮೊರಟೋರಿಯಂನಲ್ಲಿ ಸೇರಿಕೊಂಡ ಬಡ್ಡಿಗೆ ಕಡಿತ ಸಿಗುತ್ತದಾ?

ಕಾಯ್ದೆ ನೋಡುವುದು ಬಡ್ಡಿ ಕಟ್ಟಿದ್ದೀರಾ ಎಂಬುದನ್ನು. ಬ್ಯಾಂಕ್ ಬಡ್ಡಿ ಹಾಕಿತು ಎಂದ ಮಾತ್ರಕ್ಕೆ ನೀವು ಕಟ್ಟಿದ ಹಾಗಲ್ಲ.

ಹೋದ ವರ್ಷ ಒಬ್ಬ ಹುಡುಗ ಸ್ಟೇಟ್‌ಮೆಂಟ್ ತಂದಿದ್ದ. ಪ್ರತಿ ತಿಂಗಳ ಕೊನೆಗೆ ಬಡ್ಡಿ ಎಂದು ಎಂಟು ಸಾವಿರದ ಚಿಲ್ಲರೆ ಡೆಬಿಟ್ ಕಾಲಂನಲ್ಲಿ ಕೂತಿತ್ತು. ಅದನ್ನೇ ಕೂಡಿಸಿ ಲಕ್ಷದ ಹತ್ತಿರದ ಮೊತ್ತವನ್ನು 80ಇಗೆ ಬರೆದುಕೊಂಡು ಬಂದಿದ್ದ. ಕ್ರೆಡಿಟ್ ಕಾಲಂ ನೋಡಿದರೆ ಇಡೀ ವರ್ಷ ಖಾಲಿ. ಅಂದರೆ ಅವನು ಒಂದು ರೂಪಾಯಿಯನ್ನೂ ಕಟ್ಟಿರಲಿಲ್ಲ. ಅವನ ಕಡಿತ ಆ ವರ್ಷ ಸೊನ್ನೆ. ಆದರೆ ಅವನ 8 ವರ್ಷವೂ ಇನ್ನೂ ಶುರುವಾಗಿರಲಿಲ್ಲ, ಅದು ಒಳ್ಳೆಯದೇ ಆಯಿತು. ನೀವೂ ಇಷ್ಟು ಮಾಡಿ: ಸ್ಟೇಟ್‌ಮೆಂಟ್‌ನಲ್ಲಿ ಡೆಬಿಟ್ ಬಿಟ್ಟು ಕ್ರೆಡಿಟ್ ಕಡೆ ಏನಿದೆ ನೋಡಿ.

ಇನ್ನು ಅಸಲಿಗೆ ಸೇರಿಹೋದ 3 ಲಕ್ಷದ ಕಥೆ. ಅದು ನಿಜಕ್ಕೂ ಬಡ್ಡಿಯೇ. ಆದರೆ ಒಮ್ಮೆ ಅಸಲಿನಲ್ಲಿ ಕರಗಿದ ಮೇಲೆ ಇಎಂಐ ಮೂಲಕ ತೀರುವಾಗ ಬಡ್ಡಿ ಸರ್ಟಿಫಿಕೇಟ್‌ನಲ್ಲಿ ಅದು ಅಸಲಿನ ಕಾಲಂನಲ್ಲೇ ಕಾಣಿಸುತ್ತದೆ. ಮೇಲಿನ ಲೆಕ್ಕದ 8,21,000ದಲ್ಲಿ ಆ 3 ಲಕ್ಷ ಇಲ್ಲವೇ ಇಲ್ಲ.

ಇದಕ್ಕೆ ಒಂದು ದಾರಿ ಇದೆ. ಕೆಲಸ ಸಿಕ್ಕಿದ್ದು, ಕೈಯಲ್ಲಿ ದುಡ್ಡೂ ಇದ್ದರೆ, ಇಎಂಐ ಶುರುವಾಗುವ ಹಣಕಾಸು ವರ್ಷದಲ್ಲೇ, ಆದರೆ ಬಡ್ಡಿ ಅಸಲಿಗೆ ಸೇರುವ ಮೊದಲೇ, ಬ್ಯಾಂಕ್‌ಗೆ ಹೋಗಿ ಇಲ್ಲಿಯವರೆಗಿನ ಬಡ್ಡಿ ಎಷ್ಟು ಎಂದು ಕೇಳಿ ಅದನ್ನು ಬೇರೆಯಾಗಿ ಕಟ್ಟಿಬಿಡಿ. ನಮ್ಮ ಹುಡುಗಿ 2022ರ ಏಪ್ರಿಲ್‌ನಿಂದ ಜೂನ್ ಒಳಗೆ ಹೀಗೆ ಕಟ್ಟಿದ್ದರೆ, ಆ 3 ಲಕ್ಷವೂ 2022-23ರ ಬಡ್ಡಿಯಾಗಿ ಕಡಿತಕ್ಕೆ ಬರುತ್ತಿತ್ತು. ಎಣಿಕೆ ಹೇಗೂ ಅದೇ ವರ್ಷ ಶುರುವಾಗಬೇಕಿತ್ತು, ಒಂದು ವರ್ಷವೂ ಹಾಳಾಗುತ್ತಿರಲಿಲ್ಲ. ಅದೇ ದುಡ್ಡನ್ನು 2022ರ ಮಾರ್ಚ್‌ನಲ್ಲಿ ಕಟ್ಟಿದ್ದರೆ ಮೊದಲ ವರ್ಷ 2021-22 ಆಗಿಬಿಡುತ್ತಿತ್ತು.

ಕಟ್ಟುವಾಗ "ಇದು ಮೊರಟೋರಿಯಂ ಬಡ್ಡಿಗೆ" ಎಂದು ಪತ್ರ ಅಥವಾ ಮೇಲ್‌ನಲ್ಲಿ ಬರೆದುಕೊಡಿ. ಆ ವರ್ಷದ ಸರ್ಟಿಫಿಕೇಟ್‌ನಲ್ಲಿ ಅದು ಬಡ್ಡಿ ಎಂದೇ ಬಂದಿದೆಯಾ ನೋಡಿ. ಸುಮ್ನೆ ಆನ್‌ಲೈನ್‌ನಲ್ಲಿ ಹಾಕಿ ಬಿಟ್ಟರೆ ಅಸಲಿನ ಮುಂಗಡ ಪಾವತಿ ಎಂದು ಜಮಾ ಆಗುವ ಸಂಭವ ಇದೆ.

ಬಡ್ಡಿಯನ್ನು ಸರ್ಕಾರದ ಸಬ್ಸಿಡಿ ಯೋಜನೆಯೇ ತುಂಬಿದ್ದರೆ, ಅದು ನೀವು ಕಟ್ಟಿದ್ದಲ್ಲ. ಅದನ್ನು 80ಇಗೆ ಹಾಕಬೇಡಿ.

ಮೊದಲ ಇಎಂಐ ಮಾರ್ಚ್‌ನಲ್ಲಿ ಬಂತು. ಏನಾದರೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ಮಾರ್ಚ್ 5ಕ್ಕೆ ಒಂದು ಕಂತು ಹೋದರೂ ಆ ಹಣಕಾಸು ವರ್ಷ ಪೂರ್ತಿ ಒಂದು ವರ್ಷವೆಂದೇ ಲೆಕ್ಕ. ಒಂದು ತಿಂಗಳ ಬಡ್ಡಿಗಾಗಿ 8ರಲ್ಲಿ ಒಂದು ವರ್ಷ ಖರ್ಚಾಗುತ್ತದೆ. ಕಂತು ಶುರುವಾಗುವ ತಾರೀಖು ಫೆಬ್ರವರಿ, ಮಾರ್ಚ್‌ಗೆ ಬೀಳುತ್ತಿದೆ ಎಂದು ಮೊದಲೇ ಗೊತ್ತಿದ್ದರೆ, ಏಪ್ರಿಲ್‌ಗೆ ಸರಿಸಲು ಆಗುತ್ತದಾ ಎಂದು ಬ್ಯಾಂಕ್‌ನಲ್ಲಿ ವಿಚಾರಿಸಿ. ಒಪ್ಪದಿದ್ದರೆ ಬಿಡಿ. ಅದಕ್ಕಾಗಿ ಕಂತು ತಪ್ಪಿಸಲು ಹೋಗಬೇಡಿ, ಸಿಬಿಲ್ ಸ್ಕೋರ್ ಕೆಡುತ್ತದೆ.

ಸಾಲವನ್ನೇ 8 ವರ್ಷಕ್ಕೆ ಮುಗಿಸಿಬಿಡಲಾ?

ಕೈಗೆಟುಕಿದರೆ ಒಳ್ಳೆಯದೇ. ಅದೇ 15 ಲಕ್ಷಕ್ಕೆ 8 ವರ್ಷ ಎಂದರೆ ಇಎಂಐ ಸುಮಾರು 22,761. ತಿಂಗಳಿಗೆ 2,940 ರೂಪಾಯಿಯಷ್ಟು ಜಾಸ್ತಿ. ಆದರೆ ಒಟ್ಟು ಬಡ್ಡಿಯಲ್ಲಿ ಸುಮಾರು 1.94 ಲಕ್ಷ ಉಳಿಯುತ್ತದೆ. ಕಡಿತ ಸಿಗುತ್ತದೆ ಎಂದು ಸಾಲವನ್ನು ಎಳೆಯುವುದು ಸರಿಯಲ್ಲ. 100 ರೂಪಾಯಿ ಬಡ್ಡಿ ಕಟ್ಟಿ 20 ರೂಪಾಯಿ ತೆರಿಗೆ ಉಳಿಸಿದರೆ ಕೈಯಿಂದ ಹೋದದ್ದು 80 ರೂಪಾಯಿ.

ಸಾಲ ಮಗಳ ಹೆಸರಲ್ಲಿದೆ, ಕಂತು ಅಪ್ಪ ಕಟ್ಟುತ್ತಾರೆ. ಕಡಿತ ಯಾರಿಗೆ?

ಎರಡು ವಿಷಯ ಕೂಡಿಬರಬೇಕು: ಸಾಲ ತೆಗೆದವರಲ್ಲಿ ನೀವೂ ಒಬ್ಬರಾಗಿರಬೇಕು, ಬಡ್ಡಿ ನಿಮ್ಮ ತೆರಿಗೆ ಬೀಳುವ ಆದಾಯದಿಂದ ಹೋಗಿರಬೇಕು. ಅಪ್ಪ ಸಹ-ಸಾಲಗಾರರಾಗಿ ಸಹಿ ಹಾಕಿದ್ದು, ಕಂತು ಅವರ ಖಾತೆಯಿಂದ ಹೋಗುತ್ತಿದ್ದರೆ ಕಡಿತ ಅವರಿಗೆ. ಬರೀ ಜಾಮೀನು ಹಾಕಿದ್ದರೆ ಸಾಲ ಅವರದಲ್ಲ. ಸಾಲ ಪೂರ್ತಿ ಮಗಳದೇ ಆಗಿದ್ದು ಅಪ್ಪ ಪ್ರೀತಿಯಿಂದ ಕಟ್ಟಿಕೊಡುತ್ತಿದ್ದರೆ ಅಪ್ಪನಿಗೆ ಕಡಿತ ಇಲ್ಲ. ಅಪ್ಪ, ಮಗಳು ಇಬ್ಬರೂ ಕಟ್ಟಿದ್ದರೆ ಅವರವರು ಕಟ್ಟಿದಷ್ಟು ಅವರವರಿಗೆ. ಒಂದೇ ರೂಪಾಯಿಯನ್ನು ಇಬ್ಬರೂ ತೋರಿಸುವಂತಿಲ್ಲ.

ಇಲ್ಲಿ ಹಳ್ಳಿ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಅಡಿಕೆ ಮಾರಿದ ದುಡ್ಡಲ್ಲಿ ಮಗನ ಸಾಲದ ಬಡ್ಡಿ ಕಟ್ಟುವವರು ಬೇಕಾದಷ್ಟಿದ್ದಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಕಾಯ್ದೆ ಕೇಳುವುದು ತೆರಿಗೆ ಬೀಳುವ ಆದಾಯದಿಂದ ಕಟ್ಟಿದ ಬಡ್ಡಿಯನ್ನು. ಸಂಬಳವೋ ಪಿಂಚಣಿಯೋ ಕೂಡ ಇದ್ದರೆ, ಕಂತು ಆ ಖಾತೆಯಿಂದಲೇ ಹೋಗುವ ಹಾಗೆ ನೋಡಿಕೊಳ್ಳಿ.

ಅಪ್ಪ ಎರಡು ವರ್ಷ ಕಟ್ಟಿ, ಆಮೇಲೆ ಮಗಳು ಶುರು ಮಾಡಿದರೆ 8 ವರ್ಷ ಯಾರಿಗೆ ಹೇಗೆ?

ಕಾಯ್ದೆಯ ಪದಗಳಲ್ಲಿ ಮೊದಲ ವರ್ಷ ಎಂದರೆ "ತೆರಿಗೆದಾರ ಆ ಸಾಲಕ್ಕೆ ಬಡ್ಡಿ ಕಟ್ಟಲು ಶುರು ಮಾಡಿದ" ವರ್ಷ. ಹಾಗಾಗಿ ಎಣಿಕೆ ಮನುಷ್ಯನಿಗೆ ಅಂಟಿಕೊಂಡಿದೆ ಎಂದು ನಾನು ಓದಿಕೊಳ್ಳುತ್ತೇನೆ. ಅಪ್ಪನ ಎಣಿಕೆ ಅಪ್ಪ ಕಟ್ಟಿದ ವರ್ಷದಿಂದ, ಮಗಳದ್ದು ಅವಳು ಕಟ್ಟಿದ ವರ್ಷದಿಂದ. ಓದುವ ಕಾಲದ ಬಡ್ಡಿಯನ್ನು ಸಹ-ಸಾಲಗಾರರಾದ ಅಪ್ಪನೋ ಅಮ್ಮನೋ ತಮ್ಮ ಸಂಬಳದಿಂದ ಕಟ್ಟಿ ಕಡಿತ ಪಡೆದರೆ, ಸಾಲವೂ ಬೆಳೆಯುವುದಿಲ್ಲ, ಮಗಳ ವರ್ಷಗಳೂ ಖರ್ಚಾಗುವುದಿಲ್ಲ. ಯಾರ ಖಾತೆಯಿಂದ ಯಾವಾಗ ಹೋಯಿತು ಎಂಬ ದಾಖಲೆ ಮಾತ್ರ ಸ್ಪಷ್ಟವಾಗಿರಲಿ.

ತಮ್ಮನ ಓದಿಗೆ ನಾನು ಸಾಲ ತೆಗೆದಿದ್ದೇನೆ. ನನಗೆ ಸಿಗುತ್ತದಾ?

ಇಲ್ಲ. ಈ ಉತ್ತರ ಕೊಡುವಾಗಲೆಲ್ಲ ನನಗೆ ಬೇಜಾರಾಗುತ್ತದೆ. ನಮ್ಮಲ್ಲಿ ಅಕ್ಕ ದುಡಿದು ತಮ್ಮನನ್ನು ಓದಿಸುವುದು ಹೊಸದಲ್ಲ. ಆದರೆ 80ಇ ಒಪ್ಪುವುದು ನಿಮ್ಮ ಓದು, ಗಂಡ ಅಥವಾ ಹೆಂಡತಿಯ ಓದು, ಮಕ್ಕಳ ಓದು ಮತ್ತು ನೀವು ಕಾನೂನುಬದ್ಧ ಪೋಷಕರಾಗಿರುವ ವಿದ್ಯಾರ್ಥಿಯ ಓದು. ತಮ್ಮ, ತಂಗಿ, ಮೊಮ್ಮಕ್ಕಳು ಈ ಪಟ್ಟಿಯಲ್ಲಿಲ್ಲ. ತಮ್ಮನೇ ಸಾಲಗಾರನಾಗಿ, ಕೆಲಸ ಸಿಕ್ಕ ಮೇಲೆ ಅವನೇ ಕಟ್ಟಿದರೆ ಅವನಿಗೆ ಸಿಗುತ್ತದೆ.

ಯಾವ ಕೋರ್ಸ್, ಯಾರ ಸಾಲ?

ಪಿಯುಸಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾದ ಮೇಲಿನ ಯಾವುದೇ ಕೋರ್ಸ್. ವಿದೇಶದ ಓದಿಗೆ ಅಡ್ಡಿ ಇಲ್ಲ. ಸಾಲ ಬ್ಯಾಂಕ್‌ನದ್ದಾಗಿರಬೇಕು, ಇಲ್ಲವೇ ಕೇಂದ್ರ ಸರ್ಕಾರ ಇದಕ್ಕೆಂದು ಅಧಿಸೂಚಿಸಿದ ಹಣಕಾಸು ಸಂಸ್ಥೆಯದ್ದು ಅಥವಾ ಮಾನ್ಯತೆ ಪಡೆದ ದತ್ತಿ ಸಂಸ್ಥೆಯದ್ದು. ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿಯಿಂದ ತೆಗೆಯುವುದಾದರೆ, ಅಧಿಸೂಚನೆಯಲ್ಲಿ ಅದರ ಹೆಸರಿದೆಯಾ ಎಂದು ಸಹಿ ಹಾಕುವ ಮೊದಲೇ ಕೇಳಿ, ಅದರ ಪ್ರತಿ ತೆಗೆದುಕೊಳ್ಳಿ. ಮಾವನ ಹತ್ತಿರದ ಕೈಸಾಲ, ಕಂಪನಿ ಕೊಟ್ಟ ಸಾಲ ಇವಕ್ಕೆ ಕಡಿತ ಇಲ್ಲ.

ಹೊಸ ತೆರಿಗೆ ಪದ್ಧತಿಯಲ್ಲಿ ಇದು ಇದೆಯಾ?

ಇಲ್ಲ, ಹಳೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕಾದರೆ ನೀವೇ ಆರಿಸಬೇಕು. ಹೊಸ ಪದ್ಧತಿಯಲ್ಲಿ ಕಳೆದ ವರ್ಷಗಳೂ 8ರ ಎಣಿಕೆಯಲ್ಲಿ ಸೇರುತ್ತವೆ.

80ಇ ಇದೆ ಎಂದು ಕಣ್ಣುಮುಚ್ಚಿ ಹಳೆ ಪದ್ಧತಿಗೆ ಹೋಗಬೇಡಿ. 2025-26ರ ದರದಲ್ಲಿ ವರ್ಷಕ್ಕೆ 18 ಲಕ್ಷ ಸಂಬಳ ಇರುವವರನ್ನು ತೆಗೆದುಕೊಳ್ಳಿ. ಹೊಸ ಪದ್ಧತಿಯಲ್ಲಿ ತೆರಿಗೆ 1,50,800. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ 1.5 ಲಕ್ಷ, ಆರೋಗ್ಯ ವಿಮೆ 25,000, ಮನೆ ಬಾಡಿಗೆ ವಿನಾಯಿತಿ 2.4 ಲಕ್ಷ ಎಲ್ಲ ಇದ್ದು, ಮೇಲಿನ ಹುಡುಗಿಗೆ ಆ ವರ್ಷ ಬರುವ ಹಾಗೆ ಬಡ್ಡಿ 1,16,872 ಇದ್ದರೂ ತೆರಿಗೆ ಸುಮಾರು 1,85,000 ಬರುತ್ತದೆ. ಹೊಸದೇ ಲಾಭ. ಅದೇ ಮನುಷ್ಯ ವಿದೇಶದ ಓದಿಗೆ ದೊಡ್ಡ ಸಾಲ ತೆಗೆದು ವರ್ಷಕ್ಕೆ 4.2 ಲಕ್ಷ ಬಡ್ಡಿ ಕಟ್ಟುತ್ತಿದ್ದರೆ, ಹಳೆಯದರಲ್ಲಿ ತೆರಿಗೆ 99,320ಕ್ಕೆ ಇಳಿಯುತ್ತದೆ. ಆಗ ಹಳೆಯದೇ ಲಾಭ. ಇನ್ನು 12.75 ಲಕ್ಷದ ಒಳಗೆ ಸಂಬಳ ಇರುವವರಿಗೆ ಹೊಸದರಲ್ಲಿ ತೆರಿಗೆಯೇ ಇಲ್ಲ, 80ಇಯ ಚಿಂತೆ ಬೇಡ. ಇಎಂಐನಲ್ಲಿ ಬಡ್ಡಿ ವರ್ಷವರ್ಷ ಇಳಿಯುವುದರಿಂದ ಈ ಹೋಲಿಕೆಯನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಸಂಬಳ ಮಾತ್ರ ಇರುವವರು ವರ್ಷಕ್ಕೊಮ್ಮೆ ಪದ್ಧತಿ ಬದಲಿಸಬಹುದು. ವ್ಯಾಪಾರದ ಆದಾಯ ಇರುವವರಿಗೆ ಆ ಸ್ವಾತಂತ್ರ್ಯ ಇಲ್ಲ.

2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂತಲ್ಲ, 80ಇ ಹೋಯಿತಾ?

ಸೌಲಭ್ಯ ಹೋಗಿಲ್ಲ, ಸೆಕ್ಷನ್ ನಂಬರ್ ಬದಲಾಗಿದೆ. 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಸೆಕ್ಷನ್ 129. 8 ವರ್ಷದ ನಿಯಮವೂ ಹಾಗೇ ಇದೆ. ಕಾಯ್ದೆ ಬದಲಾಯಿತು ಎಂದು ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಬೇಡಿ.

ರಿಟರ್ನ್ ತುಂಬುವಾಗ ಏನೇನು ಬೇಕು?

ಬ್ಯಾಂಕ್‌ನ ಬಡ್ಡಿ ಸರ್ಟಿಫಿಕೇಟ್. ಜನವರಿಯಲ್ಲಿ ಕಂಪನಿಗೆ ಕೊಡಲು ತೆಗೆದುಕೊಂಡ ತಾತ್ಕಾಲಿಕ ಸರ್ಟಿಫಿಕೇಟ್ ಸಾಲದು. ಅದರಲ್ಲಿ ಮಾರ್ಚ್‌ವರೆಗೆ ಕಟ್ಟಬೇಕಾದ ಬಡ್ಡಿ ಇರುತ್ತದೆ, ಕಟ್ಟಿದ್ದು ಇರುವುದಿಲ್ಲ. ನಡುವೆ ಕಂತು ತಪ್ಪಿದ್ದರೆ ಎರಡೂ ತಾಳೆಯಾಗುವುದಿಲ್ಲ. ಏಪ್ರಿಲ್ ನಂತರ ಅಂತಿಮ ಸರ್ಟಿಫಿಕೇಟ್ ತೆಗೆಸಿ.

ರಿಟರ್ನ್‌ನಲ್ಲಿ ಈಗ `Schedule 80E` ಎಂಬ ಪಟ್ಟಿ ಬರುತ್ತದೆ. ಸಾಲ ಕೊಟ್ಟ ಸಂಸ್ಥೆಯ ಹೆಸರು, ಸಾಲದ ಖಾತೆ ನಂಬರ್, ಮಂಜೂರಾದ ತಾರೀಖು, ಸಾಲದ ಮೊತ್ತ, ಮಾರ್ಚ್ 31ಕ್ಕೆ ಬಾಕಿ ಎಷ್ಟು, ಬಡ್ಡಿ ಎಷ್ಟು ಎಂದು ಕೇಳುತ್ತದೆ. ಮೊದಲ ಕಂತಿನ ತಿಂಗಳ ಸ್ಟೇಟ್‌ಮೆಂಟ್‌ನ ಒಂದು ಪ್ರತಿಯನ್ನೂ ಇದರ ಜೊತೆಗೇ ತೆಗೆದಿಡಿ. ನಿಮ್ಮ 8 ವರ್ಷ ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದರೆ ತೋರಿಸಲು ಇರುವುದು ಅದೊಂದೇ.

ರಿಟರ್ನ್ ತಡವಾಯಿತು. ಈಗ ಹಾಕಬಹುದಾ?

ಸಂಬಳದಾರರು ಹಳೆ ಪದ್ಧತಿ ಆರಿಸಬೇಕಾದರೆ ರಿಟರ್ನ್ ಗಡುವಿನೊಳಗೆ ಹೋಗಿರಬೇಕು. ಗಡುವು ದಾಟಿದರೆ ಹೊಸ ಪದ್ಧತಿಯಲ್ಲೇ ತುಂಬಬೇಕು, ಆ ವರ್ಷದ 80ಇ ಹೋಯಿತು. ಬಡ್ಡಿ ಕಟ್ಟಿದ್ದೀರಿ, ಸರ್ಟಿಫಿಕೇಟ್ ಇದೆ, ಕಂಪನಿ ಕೂಡ ಹಳೆ ಪದ್ಧತಿಯಲ್ಲೇ ಟಿಡಿಎಸ್ ಹಿಡಿದಿದೆ, ಆದರೂ ಸಿಗುವುದಿಲ್ಲ. ಎಂಟರಲ್ಲಿ ಒಂದು ವರ್ಷ ಹಾಗೇ ಕಳೆದುಹೋಗುತ್ತದೆ.